ಪೆಸಿಫಿಕ್ ಬಿಸಿಯಾದರೆ ನಮ್ಮ ಮಳೆಗೇನಾಗುತ್ತದೆ? ಎಲ್ ನಿನೊ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್ ಬಂತೆಂದರೆ ಪತ್ರಿಕೆಯಲ್ಲಿ ಎಲ್ ನಿನೊ ಸುದ್ದಿ ಶುರು. ಅದರ ಹಿಂದೆಯೇ ಪ್ರಶ್ನೆಗಳೂ ಶುರು. ಮಾತಿನಲ್ಲಿ, ಪತ್ರಗಳಲ್ಲಿ, ಕಾಮೆಂಟುಗಳಲ್ಲಿ ಮತ್ತೆ ಮತ್ತೆ ಬಂದವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವುದು ಕೊನೆಗೆ.

## ಮೊದಲು ತಿಳಿಯಬೇಕಾದದ್ದು

ಎಲ್ ನಿನೊ ಅಂದ್ರೆ ಏನು? ಅದೂ ಒಂದು ಚಂಡಮಾರುತವಾ?

ಅಲ್ಲ. ಚಂಡಮಾರುತ ಬಂದು ನಾಲ್ಕೈದು ದಿನಕ್ಕೆ ಹೋಗುತ್ತದೆ. ಎಲ್ ನಿನೊ ಒಂಬತ್ತರಿಂದ ಹನ್ನೆರಡು ತಿಂಗಳು ಇರುತ್ತದೆ, ಕೆಲವೊಮ್ಮೆ ಇನ್ನೂ ಜಾಸ್ತಿ. ಪೆಸಿಫಿಕ್ ಸಾಗರದಲ್ಲಿ ಸಮಭಾಜಕ ರೇಖೆಯ ಉದ್ದಕ್ಕೂ, ನಡುಭಾಗದಿಂದ ದಕ್ಷಿಣ ಅಮೆರಿಕದ ಕಡೆಗೆ, ಮೇಲ್ಪದರದ ನೀರು ಇರಬೇಕಾದದ್ದಕ್ಕಿಂತ ಬಿಸಿಯಾಗುವುದೇ ಎಲ್ ನಿನೊ. ಎರಡರಿಂದ ಏಳು ವರ್ಷಕ್ಕೊಮ್ಮೆ ಬರುತ್ತದೆ. ಗಡಿಯಾರ ಇಟ್ಟುಕೊಂಡು ಬರುವುದಿಲ್ಲ, ಹಾಗಾಗಿಯೇ ಇಷ್ಟು ಗೋಳು.

ಹೆಸರು ಕೊಟ್ಟವರು ಪೆರು ದೇಶದ ಮೀನುಗಾರರು. ಕ್ರಿಸ್‌ಮಸ್ ಹೊತ್ತಿಗೆ ಅವರ ಕರಾವಳಿಗೆ ಬೆಚ್ಚಗಿನ ನೀರು ಬರುತ್ತಿತ್ತು, ಅದಕ್ಕೆ ಬಾಲಯೇಸುವಿನ ಹೆಸರಿಟ್ಟರು. ಸಾಮಾನ್ಯವಾಗಿ ಎಲ್ ನಿನೊ ಬೇಸಿಗೆಯ ಕೊನೆಗೆ ತಲೆ ಎತ್ತಿ, ನಮ್ಮ ಮುಂಗಾರಿನ ಹೊತ್ತಿಗೆ ಬೆಳೆದು, ನವೆಂಬರ್‌ನಿಂದ ಜನವರಿಯ ನಡುವೆ ತುದಿ ಮುಟ್ಟುತ್ತದೆ. ಇದನ್ನು ನೆನಪಿಡಿ: ನಮಗೆ ಹೊಡೆತ ಬೀಳುವುದು ಅದು ಇನ್ನೂ ಬೆಳೆಯುತ್ತಿರುವಾಗ.

ಹಾಗಾದ್ರೆ ಎಲ್ ನಿನೊ ಇಲ್ಲದ ವರ್ಷ ಆ ಸಮುದ್ರ ಹೇಗಿರುತ್ತೆ?

ಅಲ್ಲಿ ವರ್ಷದ ಬಹುಪಾಲು ಪೂರ್ವದಿಂದ ಪಶ್ಚಿಮಕ್ಕೆ, ಅಂದರೆ ಅಮೆರಿಕದಿಂದ ಇಂಡೋನೇಷ್ಯಾ ಕಡೆಗೆ ಗಾಳಿ ಬೀಸುತ್ತಿರುತ್ತದೆ. ಲೋಟದಲ್ಲಿರುವ ಬಿಸಿ ಹಾಲನ್ನು ಊದಿದರೆ ಕೆನೆ ಆಚೆ ಬದಿಗೆ ಹೋಗಿ ಸೇರುತ್ತದಲ್ಲ, ಹಾಗೆ ಈ ಗಾಳಿ ಬಿಸಿಲಿಗೆ ಕಾದ ಮೇಲ್ನೀರನ್ನು ಪಶ್ಚಿಮಕ್ಕೆ ತಳ್ಳಿ ತಳ್ಳಿ ಗುಡ್ಡೆ ಹಾಕುತ್ತದೆ. ಎಷ್ಟೆಂದರೆ, ಇಂಡೋನೇಷ್ಯಾ ಹತ್ತಿರದ ಸಮುದ್ರ ಮಟ್ಟ ಈಕ್ವೆಡಾರ್ ಹತ್ತಿರದ್ದಕ್ಕಿಂತ ಸುಮಾರು ಅರ್ಧ ಮೀಟರ್ ಎತ್ತರ ಇರುತ್ತದೆ.

ಪಶ್ಚಿಮದಲ್ಲಿ ಬಿಸಿ ನೀರಿನ ಪದರ ನೂರೈವತ್ತು ಮೀಟರ್‌ಗೂ ಆಳ. ಪೂರ್ವದಲ್ಲಿ, ಪೆರು ಕಡೆ, ಅದು ತುಂಬಾ ತೆಳು. ಮೇಲಿನ ನೀರು ಪಕ್ಕಕ್ಕೆ ಸರಿದ ಜಾಗಕ್ಕೆ ಅಡಿಯಿಂದ ತಣ್ಣೀರು ಎದ್ದು ಬರುತ್ತದೆ. ಹಾಗಾಗಿ ಒಂದೇ ಅಕ್ಷಾಂಶದಲ್ಲಿ ಪಶ್ಚಿಮಕ್ಕೆ 29 ಡಿಗ್ರಿ, ಪೂರ್ವಕ್ಕೆ 22–23 ಡಿಗ್ರಿ. ಅಡಿಯಿಂದ ಬರುವ ತಣ್ಣೀರಿನಲ್ಲಿ ಗೊಬ್ಬರದಂಥ ಪೋಷಕಾಂಶ ತುಂಬಿರುವುದರಿಂದ ಪೆರುವಿನಲ್ಲಿ ಮೀನು ವಿಪರೀತ. ಬಿಸಿ ನೀರಿನ ಮೇಲೆ ಗಾಳಿ ಮೇಲೇರಿ ಮೋಡವಾಗಿ ಸುರಿಯುವುದರಿಂದ ಇಂಡೋನೇಷ್ಯಾದಲ್ಲಿ ಮಳೆ ವಿಪರೀತ. ಹಾಗೆ ಮೇಲೇರಿದ ಗಾಳಿ ಎತ್ತರದಲ್ಲಿ ಪೂರ್ವಕ್ಕೆ ಹೋಗಿ, ಪೆರು ಕಡೆ ಇಳಿದು, ಸಮುದ್ರದ ಮೇಲೆ ಮತ್ತೆ ಪಶ್ಚಿಮಕ್ಕೆ ವಾಪಸ್ ಬರುತ್ತದೆ. ಗಾಳಿಯ ಈ ದೊಡ್ಡ ಸುತ್ತಿಗೆ, ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಹೆಸರಿನಲ್ಲಿ, ವಾಕರ್ ಸುತ್ತು ಅನ್ನುತ್ತಾರೆ.

ಎಲ್ಲ ಸರಿಯಿದ್ದದ್ದು ಕೆಡುವುದು ಎಲ್ಲಿಂದ?

ಗಾಳಿಯಿಂದ. ಪಶ್ಚಿಮ ಪೆಸಿಫಿಕ್‌ನಲ್ಲಿ ಕೆಲವೊಮ್ಮೆ ವಾರ, ಹತ್ತು ದಿನ ಗಾಳಿ ತಿರುಗಿ ಬೀಸುತ್ತದೆ, ಪಶ್ಚಿಮದಿಂದ ಪೂರ್ವಕ್ಕೆ. ಹಾಗೆ ಬೀಸಿದಾಗ ಗುಡ್ಡೆ ಬಿದ್ದಿದ್ದ ಬಿಸಿ ನೀರು ಒಂದು ಉದ್ದನೆಯ ಅಲೆಯಾಗಿ ಪೂರ್ವಕ್ಕೆ ಹೊರಡುತ್ತದೆ. ಇದು ದಡಕ್ಕೆ ಬಡಿಯುವ ಅಲೆ ಅಲ್ಲ. ಹಡಗಿನಲ್ಲಿ ಕೂತವರಿಗೆ ಗೊತ್ತೇ ಆಗುವುದಿಲ್ಲ. ಮೇಲ್ಮೈ ಏರುವುದು ಕೆಲವೇ ಸೆಂಟಿಮೀಟರ್. ಆದರೆ ಅಡಿಯಲ್ಲಿ ಬಿಸಿ ನೀರು ಮತ್ತು ತಣ್ಣೀರಿನ ನಡುವಿನ ಗಡಿಯನ್ನು ಅದು ಹತ್ತಾರು ಮೀಟರ್ ಕೆಳಕ್ಕೆ ಒತ್ತುತ್ತದೆ. ಇದಕ್ಕೆ ಕೆಲ್ವಿನ್ ಅಲೆ ಎಂದು ಹೆಸರು. ಪೆಸಿಫಿಕ್ ದಾಟಲು ಅದಕ್ಕೆ ಎರಡು ಮೂರು ತಿಂಗಳು ಬೇಕು.

ಅದು ಪೂರ್ವ ತಲುಪಿದಾಗ ತಣ್ಣೀರು ಆಳಕ್ಕೆ ಇಳಿದಿರುತ್ತದೆ. ಅಡಿಯಿಂದ ಎದ್ದು ಬರುವ ನೀರೂ ಈಗ ಬೆಚ್ಚಗಿನದ್ದೇ. ಪೂರ್ವ ಬಿಸಿಯಾಯಿತು, ಪೂರ್ವ–ಪಶ್ಚಿಮದ ವ್ಯತ್ಯಾಸ ಕಡಿಮೆಯಾಯಿತು. ಗಾಳಿ ಬೀಸುತ್ತಿದ್ದದ್ದೇ ಆ ವ್ಯತ್ಯಾಸದಿಂದ, ಹಾಗಾಗಿ ಗಾಳಿ ಇನ್ನಷ್ಟು ಸೋಲುತ್ತದೆ. ಗಾಳಿ ಸೋತರೆ ಇನ್ನಷ್ಟು ಬಿಸಿ ನೀರು ಪೂರ್ವಕ್ಕೆ ಜಾರುತ್ತದೆ. ಹೀಗೆ ಸಮುದ್ರ ಗಾಳಿಯನ್ನು, ಗಾಳಿ ಸಮುದ್ರವನ್ನು ಕೆಡಿಸುತ್ತಾ ಹೋಗುತ್ತವೆ. ಈ ಜುಗಲ್‌ಬಂದಿಯನ್ನು 1969ರಲ್ಲಿ ಬಿಡಿಸಿ ಹೇಳಿದವರು ಹವಾಮಾನ ವಿಜ್ಞಾನಿ ಯಾಕೋಬ್ ಬ್ಯರ್ಕ್ನೆಸ್. ವಾಕರ್ ಹೆಸರನ್ನು ಆ ಸುತ್ತಿಗೆ ಇಟ್ಟವರೂ ಅವರೇ.

ಬರೀ ಒಂದು ಡಿಗ್ರಿ ಜಾಸ್ತಿಯಾದ್ರೆ ಇಷ್ಟೊಂದು ರಾದ್ಧಾಂತನಾ?

ಎಲ್ಲಿ ಒಂದು ಡಿಗ್ರಿ ಅನ್ನುವುದು ಮುಖ್ಯ. ಉಷ್ಣವಲಯದ ಸಮುದ್ರದಲ್ಲಿ ನೀರು ಸುಮಾರು 28 ಡಿಗ್ರಿ ದಾಟಿದರೆ ಎತ್ತರದ ದಟ್ಟ ಮಳೆಮೋಡ ಏಳುವುದು ಸಲೀಸು. ಅದಕ್ಕಿಂತ ಕೆಳಗಿದ್ದರೆ ಕಷ್ಟ. ನಡು ಪೆಸಿಫಿಕ್‌ನ ನೀರು ಸಾಮಾನ್ಯವಾಗಿ 27 ಡಿಗ್ರಿಯ ಆಸುಪಾಸಿನಲ್ಲಿ, ಅಂದರೆ ಗಡಿಯ ಮೇಲೇ ಕೂತಿರುತ್ತದೆ. ಅಲ್ಲಿ ಒಂದು ಡಿಗ್ರಿ ಏರಿದರೆ ಮಳೆಯ ಇಡೀ ಪಟ್ಟಿಯೇ ಇಂಡೋನೇಷ್ಯಾ ಬಿಟ್ಟು ಸಾವಿರಾರು ಕಿಲೋಮೀಟರ್ ಪೂರ್ವಕ್ಕೆ ಬರುತ್ತದೆ.

ಮಳೆ ಸ್ಥಳ ಬದಲಿಸಿದರೆ ಶಾಖವೂ ಸ್ಥಳ ಬದಲಿಸಿದಂತೆ. ಆವಿ ನೀರಾಗುವಾಗ ಶಾಖ ಬಿಡುತ್ತದೆ. ಒಂದು ಲೀಟರ್ ಮಳೆ ನೀರು ಮೋಡದಲ್ಲಿ ಹುಟ್ಟುವಾಗ ಬಿಡುವ ಶಾಖದಿಂದ ಸುಮಾರು ಏಳು ಲೀಟರ್ ತಣ್ಣೀರನ್ನು ಕುದಿ ಬರುವ ತನಕ ಕಾಯಿಸಬಹುದು. ಭಾರತದಷ್ಟು ಅಗಲದ ಜಾಗದಲ್ಲಿ ತಿಂಗಳುಗಟ್ಟಲೆ ಹೀಗೆ ಶಾಖ ಸುರಿದರೆ ಭೂಮಿಯ ಸುತ್ತಲಿನ ಗಾಳಿಯ ದಾರಿಗಳೇ ಬದಲಾಗುತ್ತವೆ.

## ಮಳೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ

ನಮ್ಮ ಮಳೆ ಹೋಗಿ ಯಾರ ಊರಲ್ಲಿ ಬೀಳುತ್ತೆ?

ಬಹಳಷ್ಟು ಸಮುದ್ರದ ಮೇಲೇ ಬೀಳುತ್ತದೆ, ಯಾರಿಗೂ ಉಪಯೋಗಕ್ಕಿಲ್ಲದಂತೆ. ನೆಲದ ಮೇಲೆ ಬೀಳುವುದರಲ್ಲಿ ದೊಡ್ಡ ಪಾಲು ಪೆರು ಮತ್ತು ಈಕ್ವೆಡಾರ್ ಕರಾವಳಿಗೆ. ಉತ್ತರ ಪೆರುವಿನ ಪಿಯುರಾ ಮರಳುಗಾಡಿನ ಊರು. ಸಾಮಾನ್ಯ ವರ್ಷದಲ್ಲಿ ಅಲ್ಲಿ 10 ಸೆಂಟಿಮೀಟರ್ ಮಳೆಯೂ ಆಗುವುದಿಲ್ಲ. 1983ರಲ್ಲಿ ಮತ್ತು 1998ರಲ್ಲಿ ಅದೇ ಊರಿಗೆ ಮೀಟರ್ ಲೆಕ್ಕದಲ್ಲಿ ಮಳೆ ಬಿತ್ತು. 1998ರಲ್ಲಿ ಪಕ್ಕದ ಸೆಚುರಾ ಮರಳುಗಾಡಿನ ತಗ್ಗಿನಲ್ಲಿ ನೀರು ನಿಂತು ಒಂದು ಸರೋವರವೇ ಆಯಿತು. ಕೆಲವು ತಿಂಗಳ ಮಟ್ಟಿಗೆ ಅದು ಟಿಟಿಕಾಕಾ ಬಿಟ್ಟರೆ ಪೆರುವಿನಲ್ಲೇ ದೊಡ್ಡದು. ಮರಳಲ್ಲಿ ಹುಲ್ಲು ಎದ್ದಿತು, ಜನ ಆಡು ಮೇಯಿಸಿದರು, ಮೀನೂ ಹಿಡಿದರು. ಆದರೆ ಸಮುದ್ರದಲ್ಲಿ ಮಾತ್ರ ಮೀನು ಮಾಯ. ತಣ್ಣೀರು ಬರದಿದ್ದರೆ ಅಲ್ಲಿನ ಆಂಚೊವೆಟಾ ಎಂಬ ಬೂತಾಯಿಯಂಥ ಸಣ್ಣ ಮೀನು ಉಳಿಯುವುದಿಲ್ಲ. 1970ರಲ್ಲಿ ಸುಮಾರು 1.2 ಕೋಟಿ ಟನ್ ಇದ್ದ ಮೀನಿನ ಫಸಲು 1972–73ರ ಎಲ್ ನಿನೊ ಹೊತ್ತಿಗೆ 20 ಲಕ್ಷ ಟನ್ ಆಸುಪಾಸಿಗೆ ಕುಸಿಯಿತು. ಅದಕ್ಕೂ ಮುಂಚೆ ಮಿತಿಮೀರಿ ಹಿಡಿದದ್ದೂ ಇದರಲ್ಲಿ ಸೇರಿದೆ ಅನ್ನಿ.

ಕಳೆದುಕೊಳ್ಳುವವರ ಪಟ್ಟಿ ಉದ್ದವಿದೆ. ಇಂಡೋನೇಷ್ಯಾದಲ್ಲಿ 1997ರಲ್ಲೂ 2015ರಲ್ಲೂ ಒಣಗಿದ ಜೌಗು ನೆಲಕ್ಕೆ ಬೆಂಕಿ ಬಿದ್ದು ಸಿಂಗಪುರದ ತನಕ ಹೊಗೆ ಕವಿದಿತ್ತು. ಪೂರ್ವ ಆಸ್ಟ್ರೇಲಿಯಾ ಒಣಗುತ್ತದೆ. ಆಫ್ರಿಕಾದ ದಕ್ಷಿಣ ಭಾಗ ಒಣಗುತ್ತದೆ. 2024ರ ಆರಂಭದಲ್ಲಿ ಜಾಂಬಿಯಾ, ಮಲಾವಿ, ಜಿಂಬಾಬ್ವೆ ಮೂರೂ ದೇಶಗಳು ಬರ ವಿಪತ್ತು ಘೋಷಿಸಿದವು. ಅದೇ ಆಫ್ರಿಕಾದ ಪೂರ್ವ ಬದಿಯಲ್ಲಿ, ಕೀನ್ಯಾ ಮತ್ತು ಸೊಮಾಲಿಯಾದಲ್ಲಿ, ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಪ್ರವಾಹ.

ನನಗೆ ವಿಚಿತ್ರ ಅನ್ನಿಸುವುದು ಪನಾಮಾ. ಅಲ್ಲಿನ ಕಾಲುವೆ ಸಮುದ್ರದ ನೀರಿನಿಂದ ನಡೆಯುವುದಿಲ್ಲ, ಮಳೆ ನೀರಿನ ಗಟುನ್ ಕೆರೆಯಿಂದ ನಡೆಯುತ್ತದೆ. ಒಂದು ಹಡಗು ದಾಟಿಸಲು ಸುಮಾರು 19 ಕೋಟಿ ಲೀಟರ್ ಸಿಹಿನೀರು ಸಮುದ್ರಕ್ಕೆ ಹೋಗುತ್ತದೆ. 2023ರಲ್ಲಿ ಮಳೆ ಕೈಕೊಟ್ಟು, ದಿನಕ್ಕೆ 36ರಷ್ಟು ಹೋಗುತ್ತಿದ್ದ ಹಡಗುಗಳು ಡಿಸೆಂಬರ್‌ನಲ್ಲಿ 22ಕ್ಕೆ ಇಳಿದವು.

ಪೆಸಿಫಿಕ್ ಎಲ್ಲಿ, ನಮ್ಮ ರಾಯಚೂರು ಎಲ್ಲಿ? ಅಲ್ಲಿಂದ ಇಲ್ಲಿಗೆ ಹೇಗೆ ತಾಕುತ್ತೆ?

ನೀರು ಬರುವುದಿಲ್ಲ, ಗಾಳಿಯ ಮೂಲಕ ತಾಕುತ್ತದೆ. ಗಾಳಿ ಒಂದು ಕಡೆ ಏರಿದರೆ ಇನ್ನೊಂದು ಕಡೆ ಇಳಿಯಲೇಬೇಕು. ಏರುವ ಜಾಗ ನಡು ಪೆಸಿಫಿಕ್‌ಗೆ ಸರಿದಾಗ, ಇಳಿಯುವ ಜಾಗ ಇಂಡೋನೇಷ್ಯಾದಿಂದ ಭಾರತದ ತನಕ ಚಾಚಿಕೊಳ್ಳುತ್ತದೆ. ಮೇಲಿನಿಂದ ಇಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ, ಒಣಗುತ್ತದೆ, ಮೋಡ ಮೇಲೇಳದಂತೆ ತಡೆಯುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಎಲ್ ನಿನೊ ವರ್ಷ ಮುಂಗಾರು ಬರುವುದೇ ಇಲ್ಲ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಅರಬ್ಬಿ ಸಮುದ್ರದಿಂದ ಗಾಳಿ ಬೀಸುತ್ತದೆ, ಮೋಡಗಳೂ ತೇಲಿ ಹೋಗುತ್ತವೆ, ಕರಾವಳಿ ಮತ್ತು ಮಲೆನಾಡಿಗೆ ಒಂದಷ್ಟು ಬೀಳುತ್ತದೆ. ಗಾಳಿಯನ್ನು ಘಟ್ಟವೇ ತಡೆದು ಮೇಲೆತ್ತುವುದರಿಂದ ಅಲ್ಲಿ ಪೂರ್ತಿ ಕೈಕೊಡುವುದು ಕಡಿಮೆ. ಒಳನಾಡಿನಲ್ಲಿ ಎತ್ತುವವರು ಯಾರೂ ಇಲ್ಲ. ಅಲ್ಲಿ ಮಳೆ ಬರಬೇಕೆಂದರೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆಗಬೇಕು, ಮುಂಗಾರಿನ ಕಡಿಮೆ ಒತ್ತಡದ ಪಟ್ಟಿ ನಡು ಭಾರತದಲ್ಲಿ ಇರಬೇಕು. ಎಲ್ ನಿನೊ ವರ್ಷ ಆ ಪಟ್ಟಿ ಹಿಮಾಲಯದ ಬುಡಕ್ಕೆ ಸರಿದು ಅಲ್ಲೇ ಕೂರುವುದು ಜಾಸ್ತಿ. ಅದು ಅಲ್ಲಿದ್ದಷ್ಟು ದಿನ ಬಿಹಾರದ ಉತ್ತರಕ್ಕೆ, ಅಸ್ಸಾಮಿಗೆ ಮಳೆ, ನಮಗೆ ಬಿಸಿಲು. ಐದಾರು ದಿನಕ್ಕೆ ಮುಗಿಯಬೇಕಿದ್ದ ಬಿಡುವು ಎರಡು ಮೂರು ವಾರ ಎಳೆಯುತ್ತದೆ. ಬೆಳೆ ಒಣಗಿಸುವುದು ಈ ಬಿಡುವು.

ಎಲ್ ನಿನೊ ಬಂತು ಅಂದ್ರೆ ಬರ ಗ್ಯಾರಂಟಿನಾ?

ಇಲ್ಲ. 1997 ಮತ್ತು 2002 ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ಯಾಕೆಂದು ಗೊತ್ತಾಗುತ್ತದೆ.

1997ರ ಎಲ್ ನಿನೊ 20ನೇ ಶತಮಾನದ ಅತಿ ಬಲವಾದವುಗಳಲ್ಲಿ ಒಂದು. ನಡು ಪೆಸಿಫಿಕ್ ವಾಡಿಕೆಗಿಂತ 2.4 ಡಿಗ್ರಿ ಬಿಸಿಯಾಗಿತ್ತು. ಜಗತ್ತೆಲ್ಲ ಭಾರತದಲ್ಲಿ ಭೀಕರ ಬರ ಬೀಳುತ್ತದೆ ಎಂದು ಕಾಯುತ್ತಿತ್ತು. ಆಗಿದ್ದೇನು? ಆ ವರ್ಷದ ಮುಂಗಾರು ದೇಶದ ಒಟ್ಟು ಲೆಕ್ಕದಲ್ಲಿ ವಾಡಿಕೆಯ ಶೇ 102.

2002ರದ್ದು ಸಾಧಾರಣ ಎಲ್ ನಿನೊ, ತುದಿಯಲ್ಲಿ 1.3 ಡಿಗ್ರಿ ಅಷ್ಟೇ. ಹವಾಮಾನ ಇಲಾಖೆಯ ಮುನ್ಸೂಚನೆ ಶೇ 101 ಎಂದಿತ್ತು. ಜೂನ್ ಚೆನ್ನಾಗಿಯೇ ಹೋಯಿತು. ರೈತರು ಬಿತ್ತಿದರು, ಗೊಬ್ಬರ ಹಾಕಿದರು. ಜುಲೈನಲ್ಲಿ ಆಕಾಶ ಬೋಳಾಯಿತು. ವರ್ಷದಲ್ಲೇ ಜಾಸ್ತಿ ಮಳೆ ಬರಬೇಕಾದ ತಿಂಗಳಲ್ಲಿ ದೇಶಕ್ಕೆ ಬಂದದ್ದು ವಾಡಿಕೆಯ ಅರ್ಧದಷ್ಟು. ಅಂಥ ಕೆಟ್ಟ ಜುಲೈ ದಾಖಲೆಯಲ್ಲೇ ಇರಲಿಲ್ಲ. ಒಟ್ಟು ಮುಂಗಾರು ಶೇ 81ಕ್ಕೆ ನಿಂತಿತು. ಮುನ್ಸೂಚನೆಯ ಲೆಕ್ಕಾಚಾರವನ್ನೇ ಇಲಾಖೆ ಮರುವರ್ಷ ಬದಲಿಸಿತು.

ದೊಡ್ಡದು ಬಿಟ್ಟು ಸಣ್ಣದು ಕಚ್ಚಿದ್ದು ಯಾಕೆ? ಒಂದು ಕಾರಣ ಬಿಸಿ ನೀರು ಇದ್ದ ಜಾಗ. 1997ರಲ್ಲಿ ಬಿಸಿಯ ತಿರುಳು ಪೆರುವಿಗೆ ಅಂಟಿಕೊಂಡಂತೆ ದೂರದ ಪೂರ್ವದಲ್ಲಿತ್ತು. 2002ರಲ್ಲಿ ನಡು ಪೆಸಿಫಿಕ್‌ನಲ್ಲಿತ್ತು, ಅಂದರೆ ನಮಗೆ ಹತ್ತಿರ. ಏರುವ ಜಾಗ ಹತ್ತಿರವಿದ್ದಷ್ಟೂ ಇಳಿಯುವ ಗಾಳಿ ಸರಿಯಾಗಿ ನಮ್ಮ ನೆತ್ತಿಯ ಮೇಲೇ ಬೀಳುತ್ತದೆ. ಪುಣೆಯ ಕೃಷ್ಣಕುಮಾರ್ ಮತ್ತು ಸಂಗಡಿಗರು 2006ರಲ್ಲಿ ನೂರಕ್ಕೂ ಹೆಚ್ಚು ವರ್ಷದ ದಾಖಲೆ ಇಟ್ಟುಕೊಂಡು ಇದನ್ನೇ ತೋರಿಸಿದರು. 2009ರದ್ದೂ ಇದೇ ನಮೂನೆ, ಮಳೆ ಶೇ 78ಕ್ಕೆ ಬಿತ್ತು. ಎಷ್ಟು ಬಿಸಿ ಅನ್ನುವುದಕ್ಕಿಂತ ಎಲ್ಲಿ ಬಿಸಿ ಎಂದು ಮೊದಲು ಕೇಳಿ ಎಂದು ನಾನು ಹೇಳುವುದು ಇದಕ್ಕೇ. ಇನ್ನೊಂದು ಕಾರಣ ನಮ್ಮ ಮನೆ ಬಾಗಿಲಲ್ಲೇ ಇದೆ. ಅದು ಮುಂದಿನ ಪ್ರಶ್ನೆ.

ಟಿವಿಯಲ್ಲಿ ಐಒಡಿ, ಐಒಡಿ ಅಂತಿರ್ತಾರೆ. ಅದೇನು ಕಾಪಾಡುತ್ತಾ?

ಕೆಲವು ಸಲ ಕಾಪಾಡುತ್ತದೆ. ಪೂರ್ತಿ ಹೆಸರು ಇಂಡಿಯನ್ ಓಷನ್ ಡೈಪೋಲ್. ಹಿಂದೂ ಮಹಾಸಾಗರದ ಪಶ್ಚಿಮ ಭಾಗ, ಅಂದರೆ ಆಫ್ರಿಕಾ ಕಡೆ, ಬಿಸಿಯಾಗಿ ಸುಮಾತ್ರಾ ಕಡೆ ತಣ್ಣಗಾದರೆ ಅದನ್ನು ಧನಾತ್ಮಕ ಎನ್ನುತ್ತಾರೆ. ಆಗ ನಮ್ಮ ಕಡೆಗೆ ತೇವ ಬರುವುದು ಜಾಸ್ತಿ. ಸುಮಾತ್ರಾ ಹತ್ತಿರ ಇಳಿದ ಗಾಳಿ ಬಂಗಾಳ ಕೊಲ್ಲಿಯ ಮೇಲೆ ಏರುವುದಕ್ಕೆ ನೆರವಾಗುತ್ತದೆ. 1997ರಲ್ಲಿ ಇದು ತುಂಬಾ ಬಲವಾಗಿತ್ತು. ಇಂಥದ್ದೊಂದು ಇದೆ ಎಂದು ಜಪಾನಿನಲ್ಲಿ ಕೆಲಸ ಮಾಡುತ್ತಿದ್ದ ಸಾಜಿ, ಯಮಗಾತ ಮತ್ತು ಜೊತೆಯವರು ಬರೆದು ಹೇಳಿದ್ದು 1999ರಲ್ಲಿ. ಅಲ್ಲಿಯ ತನಕ 1997 ಒಂದು ಒಗಟಾಗಿಯೇ ಇತ್ತು.

ಆದರೆ ಇದನ್ನು ನಂಬಿ ಕೂರಬೇಡಿ. ಐಒಡಿ ಗಟ್ಟಿಯಾಗುವುದು ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗಸ್ಟ್‌ನಲ್ಲಿ ಒಣಗಿದ ಪೈರಿಗೆ ಅಕ್ಟೋಬರ್‌ನ ನೆರವಿನಿಂದ ಏನೂ ಆಗುವುದಿಲ್ಲ.

## ನಮ್ಮ ರಾಜ್ಯದ ಲೆಕ್ಕ

2023ರಲ್ಲಿ ದೇಶಕ್ಕೆ ಶೇ 94 ಮಳೆ ಆಯ್ತು ಅಂದ್ರು. ಮತ್ತೆ ನಮಗ್ಯಾಕೆ ಬರ?

ಸರಾಸರಿಯ ಹಣೆಬರಹವೇ ಅದು. 2023ರ ಮುಂಗಾರನ್ನು ತಿಂಗಳು ತಿಂಗಳಾಗಿ ಬಿಡಿಸಿ ನೋಡಿ. ಕೇರಳಕ್ಕೆ ಮುಂಗಾರು ಬಂದದ್ದೇ ಜೂನ್ 8ಕ್ಕೆ, ಒಂದು ವಾರ ತಡ. ಅರಬ್ಬಿ ಸಮುದ್ರದಲ್ಲಿ ಆಗ ಬಿಪರ್‌ಜಾಯ್ ಚಂಡಮಾರುತ ಗಾಳಿಯ ತೇವವನ್ನೆಲ್ಲ ತನ್ನ ಕಡೆಗೆ ಎಳೆದುಕೊಂಡಿತ್ತು. ಕರ್ನಾಟಕದಲ್ಲಿ ಜೂನ್ ಮಳೆ ಅರ್ಧಕ್ಕರ್ಧ ಕೈಕೊಟ್ಟಿತು. ಜುಲೈನಲ್ಲಿ ವಾಡಿಕೆಗಿಂತ ಜಾಸ್ತಿಯೇ ಬಂತು. ಪುನರ್ವಸು, ಪುಷ್ಯ ಚೆನ್ನಾಗಿ ಹುಯ್ದವು, ಎಲ್ಲರೂ ಉಸಿರು ಬಿಟ್ಟರು. ಆಗಸ್ಟ್‌ನಲ್ಲಿ ಎಲ್ಲ ನಿಂತಿತು. ದೇಶದ ಮಟ್ಟಿಗೆ 1901ರಿಂದ ಈಚೆಗೆ ಅಷ್ಟು ಒಣಗಿದ ಆಗಸ್ಟ್ ಇನ್ನೊಂದಿಲ್ಲ, ಕೊರತೆ ಶೇ 36. ಕರ್ನಾಟಕದಲ್ಲಂತೂ ವಾಡಿಕೆಯ ಮೂರನೇ ಒಂದು ಭಾಗವೂ ಬರಲಿಲ್ಲ.

ಸೆಪ್ಟೆಂಬರ್‌ನಲ್ಲಿ ದೇಶಕ್ಕೆ ಶೇ 113 ಬಂತು. ಅದರಿಂದ ದೇಶದ ಸರಾಸರಿ ಶೇ 94ಕ್ಕೆ ಎದ್ದು ನಿಂತಿತು. ಆದರೆ ಆ ಮಳೆ ಬಿದ್ದದ್ದು ಬಹುಪಾಲು ಬೇರೆಯವರ ಹೊಲಕ್ಕೆ. ನಮ್ಮ ರಾಜ್ಯ ಮುಂಗಾರಿನ ನಾಲ್ಕನೇ ಒಂದು ಭಾಗ ಕಳೆದುಕೊಂಡೇ ಉಳಿಯಿತು. ಜುಲೈನಲ್ಲಿ ಬಿತ್ತಿದ ರಾಗಿ, ಮೆಕ್ಕೆಜೋಳ, ತೊಗರಿ ತೆನೆ ಕಟ್ಟುವ, ಹೂವು ಬಿಡುವ ಮೊದಲೇ ಬಾಡಿದವು. ದೂರದಿಂದ ನೋಡಿದರೆ ಹೊಲ ಹಸಿರಾಗಿಯೇ ಕಾಣುತ್ತಿತ್ತು, ಕೈಹಾಕಿದರೆ ಕಾಳಿಲ್ಲ. ಅಧಿಕಾರಿಗಳಿಗೆ ‘ಹಸಿರು ಬರ’ ಎಂದು ವಿವರಿಸಬೇಕಾಗಿ ಬಂದದ್ದು ಇದನ್ನೇ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದರು. ಕಾವೇರಿ ನೀರಿನ ಜಗಳ, ಸೆಪ್ಟೆಂಬರ್‌ನ ಬಂದ್‌ಗಳು, 2024ರ ಬೇಸಿಗೆಯಲ್ಲಿ ಬೆಂಗಳೂರಿನ ಟ್ಯಾಂಕರ್ ಸಾಲು ಎಲ್ಲ ಇದರ ಬೆನ್ನಿಗೇ ಬಂದವು. ಬೆಂಗಳೂರಿನ ತಾಪತ್ರಯಕ್ಕೆ ಪೆಸಿಫಿಕ್ ಒಂದನ್ನೇ ದೂರಿ ಪ್ರಯೋಜನವಿಲ್ಲ. ಮುಚ್ಚಿದ ಕೆರೆ, ಬತ್ತಿದ ಕೊಳವೆಬಾವಿ ಎಲ್ ನಿನೊ ಮಾಡಿದ್ದಲ್ಲ.

ಎಲ್ ನಿನೊ ವರ್ಷ ಹಿಂಗಾರು ಚೆನ್ನಾಗಿ ಬರುತ್ತೆ ಅಂತಾರೆ. ನಿಜಾನಾ?

ತಮಿಳುನಾಡಿನ ಮಟ್ಟಿಗೆ ಬಹುತೇಕ ನಿಜ. ಅಕ್ಟೋಬರ್ ನಂತರ ಬಂಗಾಳ ಕೊಲ್ಲಿಯಿಂದ ಬರುವ ಮೂಡಣ ಗಾಳಿಗೆ ಎಲ್ ನಿನೊ ಬಲ ಕೊಡುತ್ತದೆ. 2015ರ ಚೆನ್ನೈ ಪ್ರವಾಹ ಬಲವಾದ ಎಲ್ ನಿನೊ ವರ್ಷದ್ದೇ. 2023ರ ಡಿಸೆಂಬರ್ 17–18ರಂದು ತೂತ್ತುಕುಡಿ ಜಿಲ್ಲೆಯ ಕಾಯಲ್‌ಪಟ್ಟಿಣದಲ್ಲಿ 24 ಗಂಟೆಯಲ್ಲಿ ಸುಮಾರು 95 ಸೆಂಟಿಮೀಟರ್ ಸುರಿಯಿತು.

ಕರ್ನಾಟಕಕ್ಕೆ ಇದರ ಲಾಭ ಅಷ್ಟಕ್ಕಷ್ಟೇ. ಕೋಲಾರ, ಚಾಮರಾಜನಗರದಂಥ ದಕ್ಷಿಣದ ಒಳನಾಡಿಗೆ ಸ್ವಲ್ಪ ಸಿಗಬಹುದು. ಹಿಂಗಾರು ಬಿಳಿಜೋಳ, ಕಡಲೆ ನಂಬಿದ ವಿಜಯಪುರ, ಕಲಬುರಗಿ ಆ ಗಾಳಿಯ ದಾರಿಯಿಂದ ದೂರ. 2023ರ ಅಕ್ಟೋಬರ್ ನಮ್ಮಲ್ಲಿ ಒಣಗಿಯೇ ಹೋಯಿತು.

ಹಳಬರು ಹೇಳೋ ಧಾತು ಈಶ್ವರ ಬರ ಕೂಡ ಎಲ್ ನಿನೊದ್ದೇನಾ?

ಅರ್ಧ ಹೌದು. ಧಾತು ಮತ್ತು ಈಶ್ವರ ಸಂವತ್ಸರಗಳು 1876ರಿಂದ 1878ರ ತನಕ. ಮೊದಲ ವರ್ಷ ದಖ್ಖನ್ನಿನಲ್ಲಿ ಮಳೆ ಕೈಕೊಟ್ಟಾಗ ಪೆಸಿಫಿಕ್ ಇನ್ನೂ ಬಿಸಿಯಾಗಿರಲಿಲ್ಲ. 1877ರಲ್ಲಿ ಬಂದ ಎಲ್ ನಿನೊ ಮಾತ್ರ ದಾಖಲೆಯಲ್ಲೇ ಅತಿ ಬಲವಾದವುಗಳಲ್ಲಿ ಒಂದು. ಅದು ಮೊದಲೇ ಬಿದ್ದವರ ಮೇಲೆ ಬಿದ್ದ ಎರಡನೇ ಏಟು. ಅದೇ ಹೊತ್ತಿಗೆ ಉತ್ತರ ಚೀನಾದಲ್ಲೂ ಈಶಾನ್ಯ ಬ್ರೆಜಿಲ್‌ನಲ್ಲೂ ಜನ ಹಸಿವಿನಿಂದ ಸತ್ತರು. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ ಇದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಮಳೆ ಮಾತ್ರ ಇಷ್ಟು ಜನರನ್ನು ಕೊಲ್ಲಲಿಲ್ಲ. ಹಸಿದವರ ನಾಡಿನಿಂದಲೇ ಧಾನ್ಯ ಹೊರಗೆ ಹೋಗುತ್ತಿತ್ತು.

ಇಂಥ ಬರಗಳೇ ಮುಂದೆ ಗಿಲ್ಬರ್ಟ್ ವಾಕರ್ ಅವರನ್ನು ಭಾರತಕ್ಕೆ ಕರೆತಂದ ಕೆಲಸಕ್ಕೆ ಕಾರಣ. 1904ರಲ್ಲಿ ಹವಾಮಾನ ಇಲಾಖೆಯ ಮುಖ್ಯಸ್ಥರಾದ ಈ ಗಣಿತಜ್ಞ, ಮುಂಗಾರನ್ನು ಮೊದಲೇ ಹೇಳುವ ದಾರಿ ಹುಡುಕುತ್ತಾ, ಗುಮಾಸ್ತರ ಪಡೆಯಿಂದ ಜಗತ್ತಿನೆಲ್ಲೆಡೆಯ ಗಾಳಿಯ ಒತ್ತಡದ ಲೆಕ್ಕ ಹಾಕಿಸಿದರು. ಪೆಸಿಫಿಕ್‌ನ ಪೂರ್ವದಲ್ಲಿ ಒತ್ತಡ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ಇಲ್ಲಿ ಏರಿದಾಗ ಅಲ್ಲಿ ಇಳಿಯುತ್ತದೆ ಎಂದು ಕಂಡುಕೊಂಡರು. ಮುಂಗಾರನ್ನು ಸರಿಯಾಗಿ ಹೇಳಲು ಮಾತ್ರ ಅವರಿಗೂ ಆಗಲಿಲ್ಲ.

## ಸ್ವಲ್ಪ ಆಳಕ್ಕೆ ಇಳಿದರೆ

ಉಪಗ್ರಹ, ಕಂಪ್ಯೂಟರ್ ಎಲ್ಲ ಇದ್ದೂ ಏಪ್ರಿಲ್‌ನಲ್ಲಿ ಯಾಕೆ ಖಚಿತವಾಗಿ ಹೇಳಲ್ಲ?

ಮಾರ್ಚ್‌ನಿಂದ ಮೇ ತನಕ ಪೆಸಿಫಿಕ್‌ನ ಪೂರ್ವ–ಪಶ್ಚಿಮದ ಬಿಸಿಯ ವ್ಯತ್ಯಾಸ ವರ್ಷದಲ್ಲೇ ಕಡಿಮೆ. ಸಮುದ್ರ ಮತ್ತು ಗಾಳಿಯ ಹಿಡಿತ ಸಡಿಲವಾಗಿರುತ್ತದೆ. ಆ ಹೊತ್ತಿನಲ್ಲಿ ಒಂದು ವಾರದ ಅಡ್ಡಗಾಳಿ ಕೂಡ ಆಟವನ್ನು ಎತ್ತ ಬೇಕಾದರೂ ತಿರುಗಿಸಬಹುದು. ಜೂನ್ ದಾಟಿದ ಮೇಲೆ ಮುನ್ಸೂಚನೆ ಗಟ್ಟಿಯಾಗುತ್ತದೆ. ನಮ್ಮ ದುರದೃಷ್ಟ, ನಮಗೆ ಉತ್ತರ ಬೇಕಾಗುವುದು ಜೂನ್‌ಗೆ ಮೊದಲೇ.

2014 ಇದಕ್ಕೆ ಒಳ್ಳೆಯ ಪಾಠ. ಆ ವರ್ಷದ ಆರಂಭದಲ್ಲಿ ಭಾರಿ ಕೆಲ್ವಿನ್ ಅಲೆಯೊಂದು ಹೊರಟಿತು, 1997ನ್ನು ನೆನಪಿಸುವಂಥದ್ದು. ಮಹಾ ಎಲ್ ನಿನೊ ಬರುತ್ತಿದೆ ಎಂದು ಜಗತ್ತಿಡೀ ಸುದ್ದಿಯಾಯಿತು. ಆದರೆ ಅಲೆಯ ಹಿಂದೆ ಮತ್ತೆ ಮತ್ತೆ ಬೀಸಬೇಕಿದ್ದ ಪಡುವಣ ಗಾಳಿ ಬೀಸಲಿಲ್ಲ. ಬಿಸಿ ನೀರು ಬಂದರೂ ಮೇಲಿನ ಗಾಳಿ ಅದಕ್ಕೆ ದನಿಗೂಡಿಸಲಿಲ್ಲ. ಆ ವರ್ಷ ಎಲ್ಲವೂ ತಣ್ಣಗಾಯಿತು, ನಿಜವಾದ ದೈತ್ಯ ಬಂದದ್ದು 2015ರಲ್ಲಿ. ತಮಾಷೆ ಎಂದರೆ 2014ರಲ್ಲೂ ನಮ್ಮ ಮುಂಗಾರು ಶೇ 88ಕ್ಕೇ ಮುಗಿಯಿತು.

ಅಮೆರಿಕದವರು ಬಂತು ಅಂತಾರೆ, ಆಸ್ಟ್ರೇಲಿಯಾದವರು ಇಲ್ಲ ಅಂತಾರೆ. ಯಾರನ್ನ ನಂಬೋದು?

ಇಬ್ಬರದ್ದೂ ಸರಿಯಿರಬಹುದು, ಅಳತೆಗೋಲು ಬೇರೆ. ನಡು ಪೆಸಿಫಿಕ್‌ನ ‘ನಿನೊ 3.4’ ಎಂಬ ಚೌಕದ ಬಿಸಿ ವಾಡಿಕೆಗಿಂತ 0.5 ಡಿಗ್ರಿ ಜಾಸ್ತಿಯಾದರೆ ಅಮೆರಿಕದ ಸಂಸ್ಥೆ ಗಮನಿಸಲು ಶುರು ಮಾಡುತ್ತದೆ. ಆಸ್ಟ್ರೇಲಿಯಾದವರು ಬಹುಕಾಲ ಇಟ್ಟುಕೊಂಡ ಗೆರೆ 0.8. ಇಬ್ಬರೂ ನೀರಿನ ಜೊತೆ ಗಾಳಿ ಬದಲಾಗಿದೆಯಾ ಎಂದೂ ನೋಡುತ್ತಾರೆ.

ಲಾ ನಿನಾ ಬಂದ್ರೆ ಒಳ್ಳೇದು ಅಲ್ವಾ?

ಪೆಸಿಫಿಕ್ ವಾಡಿಕೆಗಿಂತ ತಣ್ಣಗಾಗುವುದು ಲಾ ನಿನಾ. ನಮ್ಮ ಮುಂಗಾರಿಗೆ ಸಾಮಾನ್ಯವಾಗಿ ಒಳ್ಳೆಯದು. 2020ರಿಂದ 2022ರ ತನಕ ಸತತ ಮೂರು ವರ್ಷ ಇತ್ತು. ಆದರೆ 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದವರಿಗೆ ಒಳ್ಳೆಯದಾ ಎಂದು ಕೇಳಬೇಕು. ಅದೇ ವರ್ಷಗಳಲ್ಲಿ ಪೂರ್ವ ಆಫ್ರಿಕಾದಲ್ಲಿ ಒಂದರ ಹಿಂದೆ ಒಂದು ಐದು ಮಳೆಗಾಲ ಕೈಕೊಟ್ಟವು.

ಭೂಮಿ ಬಿಸಿಯಾಗ್ತಿರೋದ್ರಿಂದ ಎಲ್ ನಿನೊ ಜಾಸ್ತಿ ಆಗುತ್ತಾ?

ಎಷ್ಟು ಸಲ ಬರುತ್ತದೆ ಎಂಬುದರಲ್ಲಿ ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ. ಹೆಚ್ಚಿನ ಕಂಪ್ಯೂಟರ್ ಮಾದರಿಗಳು ಪೂರ್ವ ಪೆಸಿಫಿಕ್ ಬೇಗ ಬಿಸಿಯಾಗುತ್ತದೆ ಎಂದು ಹೇಳುತ್ತಾ ಬಂದವು. ಕಳೆದ ನಾಲ್ಕು ದಶಕಗಳ ಅಳತೆಯಲ್ಲಿ ಹಾಗೆ ಕಂಡಿಲ್ಲ, ಬಿಸಿಯಾದದ್ದು ಪಶ್ಚಿಮ. ಯಾಕೆ ಹೀಗೆ ಎಂಬ ಜಗಳ ಇನ್ನೂ ನಡೆದಿದೆ.

ಒಂದು ವಿಷಯದಲ್ಲಿ ಮಾತ್ರ ಅನುಮಾನ ಕಡಿಮೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಜಾಸ್ತಿ ಆವಿ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಎಲ್ ನಿನೊ ಅಷ್ಟೇ ಬಲದ್ದಾದರೂ ಸುರಿಯುವ ಕಡೆ ಜಾಸ್ತಿ ಸುರಿಯುತ್ತದೆ, ಒಣಗುವ ಕಡೆ ನೆಲ ಬೇಗ ಒಣಗುತ್ತದೆ. ಇನ್ನೊಂದು ಮಾತು. 1990ರ ದಶಕದ ಕೊನೆಗೆ, ಮುಂಗಾರಿಗೂ ಎಲ್ ನಿನೊಗೂ ಇದ್ದ ನಂಟು ಕಳಚುತ್ತಿದೆ ಎಂದು ಕೆಲವರು ಗಟ್ಟಿ ಲೆಕ್ಕ ಇಟ್ಟೇ ಬರೆದರು. ಆಮೇಲೆ 2002, 2004, 2009, 2015ರ ಎಲ್ ನಿನೊ ಬರಗಳು ಬಂದವು.

ಈ ಸಲ ಎಲ್ ನಿನೊ ಅಂತೆ. ಬಿತ್ತನೆ ಮುಂದಕ್ಕೆ ಹಾಕಲಾ?

ಎಲ್ ನಿನೊ ಸುದ್ದಿಯೊಂದನ್ನೇ ನೆಚ್ಚಿ ಬಿತ್ತನೆಯ ದಿನ ತೀರ್ಮಾನಿಸಬೇಡಿ. ಅದು ಇಡೀ ಮುಂಗಾರಿನ ಒಲವನ್ನು ಹೇಳುತ್ತದೆ, ನಿಮ್ಮ ಹೋಬಳಿಯಲ್ಲಿ ಯಾವ ವಾರ ಮಳೆ ನಿಲ್ಲುತ್ತದೆ ಎಂದಲ್ಲ. 2002ರಲ್ಲಿ ಜೂನ್ ಚೆನ್ನಾಗಿತ್ತು, 2023ರಲ್ಲಿ ಜುಲೈ ಚೆನ್ನಾಗಿತ್ತು, ಎರಡೂ ಸಲ ಕೆಟ್ಟದ್ದು ಅದರ ಮುಂದಿನ ತಿಂಗಳು.

ಎಲ್ ನಿನೊ ಸುದ್ದಿ ಇದ್ದರೆ ತೀರ್ಮಾನಿಸಬೇಕಾದದ್ದು ಬೇರೆ ಇದೆ. ಎಲ್ಲ ಜಮೀನಿಗೂ ಮೆಕ್ಕೆಜೋಳ ಹಾಕುವ ಬದಲು ಮಳೆಯ ಬಿಡುವನ್ನು ಒಂದಷ್ಟು ತಾಳಿಕೊಳ್ಳುವ ರಾಗಿ, ನವಣೆ, ಹುರುಳಿಗೆ ಜಾಗ ಬಿಡುವುದು. ಬೇಗ ಬರುವ ತಳಿ ಆರಿಸುವುದು. ಬೆಳೆ ವಿಮೆಯ ಕಂತನ್ನು ಕೊನೆಯ ದಿನದ ತನಕ ಎಳೆಯದೆ ಕಟ್ಟುವುದು. ಗೊಬ್ಬರವನ್ನು ಒಂದೇ ಸಲ ಸುರಿಯದೆ ಕಂತಿನಲ್ಲಿ ಹಾಕುವುದು, ಮಳೆ ನಿಂತರೆ ಎರಡನೇ ಕಂತಿನ ದುಡ್ಡಾದರೂ ಉಳಿಯುತ್ತದೆ.

ಬಿತ್ತುವ ದಿನಕ್ಕೆ ಬೇಕಾದದ್ದು ಹತ್ತಿರದ ಮುನ್ಸೂಚನೆ. ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ ನಾಲ್ಕು ವಾರದ ಅಂದಾಜು ಕೊಡುತ್ತದೆ. ಮೊದಲ ಎರಡು ವಾರದ್ದನ್ನು ಗಂಭೀರವಾಗಿ ತೆಗೆದುಕೊಳ್ಳಬಹುದು, ಮೂರು ಮತ್ತು ನಾಲ್ಕನೇ ವಾರದ್ದು ಬರೀ ಸುಳಿವು. ಮುಂಗಾರಿನ ಪಟ್ಟಿ ಹಿಮಾಲಯದ ಬುಡಕ್ಕೆ ಸರಿಯುತ್ತದೆ ಎಂದು ಅದರಲ್ಲಿ ಬರೆದಿದ್ದರೆ, ಒಂದು ಹದ ಮಳೆ ಬಿದ್ದಿದೆ ಎಂದು ಅವಸರದಲ್ಲಿ ಕೂರಿಗೆ ಹೂಡಬೇಡಿ.